ಗೋಷ್ಠಿಯಲ್ಲಿ ಮೊದಲ ಪ್ರಶ್ನೆ ಯಾರಿಗೆ?

ಕಾಲೇಜುಗಳ ವಿಚಾರಸಂಕಿರಣಗಳಲ್ಲಿ ಸಂವಾದಗೋಷ್ಠಿಯ ನಿರ್ವಹಣೆಯನ್ನು ವಹಿಸಿಕೊಳ್ಳುವ ಅಧ್ಯಾಪಕರಲ್ಲಿ ಬಹುಮಂದಿಗೆ, ಪ್ರಾಸ್ತಾವಿಕ ನುಡಿಯೆಂದರೆ ವಿಷಯದ ಉಗಮ, ವಿಕಾಸ, ಮಹತ್ತ್ವಗಳನ್ನೆಲ್ಲ ಸಂಗ್ರಹಿಸಿ ಹೇಳಿ, ಅನಂತರ ಅತಿಥಿಗಳ ಪದವಿ, ಪ್ರಶಸ್ತಿ, ಪ್ರಕಟಣೆಗಳನ್ನು ಒಂದೂ ಬಿಡದೆ ಓದುವುದೆಂಬ ಭಾವನೆ ದೃಢವಾಗಿ ನೆಲೆಗೊಂಡಿದೆ. ಗಡಿಯಾರವೇ ಇದನ್ನು ಅಲ್ಲಗಳೆಯುತ್ತದೆ. ನಾಲ್ವರು ಅತಿಥಿಗಳ 60 ನಿಮಿಷದ ಗೋಷ್ಠಿಯಲ್ಲಿ ಪೀಠಿಕೆಗೆ 8 ನಿಮಿಷ, ತಲಾ 3 ನಿಮಿಷದಂತೆ ಪರಿಚಯಕ್ಕೆ 12, ಸಭಿಕರಿಗೆ 15 ನಿಮಿಷಗಳನ್ನು ಕಳೆದರೆ, ಯಾರ ಮಾತನ್ನು ಕೇಳಲು ಜನ ಬಂದಿರುವರೋ ಅವರಲ್ಲಿ ಒಬ್ಬೊಬ್ಬರಿಗೆ ಉಳಿಯುವುದು ಆರು ನಿಮಿಷಕ್ಕಿಂತ ತುಸು ಹೆಚ್ಚು. ಓದಿದ ಬಿರುದುಗಳಾದರೋ ಆಮಂತ್ರಣಪತ್ರಿಕೆಯಲ್ಲಿ ಆಗಲೇ ಅಚ್ಚಾಗಿರುತ್ತವೆ.

ಪ್ರಾಸ್ತಾವಿಕದ ನಿಜವಾದ ಕರ್ತವ್ಯ ವಿಷಯವನ್ನು ವಿವರಿಸುವುದಲ್ಲ. ಬಲ್ಲವರು ಎಲ್ಲಿಯವರೆಗೆ ಏಕಾಭಿಪ್ರಾಯದಿಂದ ಬರುತ್ತಾರೆ, ಎಲ್ಲಿ ಬೇರ್ಪಡುತ್ತಾರೆ ಎಂಬ ಸ್ಥಳವನ್ನು ತೋರಿಸುವುದು. ಕೋಲಾರದ ಕಾಲೇಜೊಂದರಲ್ಲಿ ಕೆರೆಗಳ ವಿಷಯವಾಗಿ ಗೋಷ್ಠಿಯೊಂದು ಏರ್ಪಟ್ಟಿದೆಯೆಂದು ಭಾವಿಸೋಣ: ವೇದಿಕೆಯ ಮೇಲೆ ಒಬ್ಬ ಟೊಮೆಟೊ ಬೆಳೆಗಾರರು, ಸಣ್ಣ ನೀರಾವರಿಯ ಇಂಜಿನಿಯರು, ಭೂವಿಜ್ಞಾನಿ, ಅರ್ಥಶಾಸ್ತ್ರದ ನಿವೃತ್ತ ಪ್ರಾಧ್ಯಾಪಕರು. ನಿರ್ವಾಹಕರು ಇಷ್ಟು ಹೇಳಿದರೆ ಸಾಕು: “ನಿತ್ಯಪ್ರವಾಹದ ನದಿಯಿಲ್ಲದ ಈ ಜಿಲ್ಲೆಯ ಕೆರೆಗಳಿಗೆ 2018ರ ಜೂನ್‌ನಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಹರಿಯತೊಡಗಿತು, ಮರುತಿಂಗಳೇ ನೊರೆ ಕಾಣಿಸಿ ಹೈಕೋರ್ಟು ಹರಿವಿಗೆ ತಡೆ ನೀಡಿತ್ತು. ಎರಡು ಹಂತಗಳ ಶುದ್ಧೀಕರಣ ಸಾಕೇ, ಮೂರನೆಯದೂ ಬೇಕೇ ಎಂಬ ವಾದ ಅಂದಿನಿಂದ ನಿಂತಿಲ್ಲ. ಕೆರೆ ತುಂಬಬೇಕೆಂಬುದರಲ್ಲಿ ಇಲ್ಲಿ ಯಾರಿಗೂ ಸಂದೇಹವಿಲ್ಲ. ತುಂಬುವ ನೀರು ಎಂತಹುದಿರಬೇಕೆಂಬುದೊಂದನ್ನೇ ಇಂದು ಕೇಳೋಣ.” ಬಳಿಕ ಪ್ರತಿಯೊಬ್ಬ ಅತಿಥಿಗೂ ಒಂದೇ ವಾಕ್ಯ, ಅದೂ ಅವರ ಪದವಿಯನ್ನಲ್ಲ, ಈ ಪ್ರಶ್ನೆಗೂ ಅವರಿಗೂ ಇರುವ ಸಂಬಂಧವನ್ನು ಹೇಳುವುದು. ಎರಡು ಮೂರು ನಿಮಿಷಗಳಲ್ಲಿ ಇದು ಮುಗಿಯುತ್ತದೆ.

ಹಿರಿಯರಿಂದ ಆರಂಭಿಸಿ, ಎಲ್ಲರಿಗೂ ಒಂದೇ ಪ್ರಶ್ನೆಯನ್ನು ಸಾಲಾಗಿ ಕೇಳುವುದೇ ಮರ್ಯಾದೆಯೂ ನಿಷ್ಪಕ್ಷಪಾತವೂ ಎಂಬುದು ಪ್ರಾಸ್ತಾವಿಕದ ಕುರಿತ ಆ ಭಾವನೆಗಿಂತ ಆಳವಾಗಿ ಬೇರೂರಿದ ತಪ್ಪು ಕಲ್ಪನೆ. ಪ್ರಾಧ್ಯಾಪಕರು ಮೊದಲು ಮಾತಾಡಿ ತೀರ್ಪಿನಂತಹ ಅಭಿಪ್ರಾಯವೊಂದನ್ನು ಕೊಟ್ಟ ಮೇಲೆ, ಅವರೆದುರು ಸಂಕೋಚದಿಂದ ಕುಳಿತ ರೈತರಿಗೆ ತಮ್ಮ ಕೊಳವೆಬಾವಿಯ ಕಥೆಯನ್ನು ಹೇಳುವ ಧೈರ್ಯವಾಗಲಿ ಅವಕಾಶವಾಗಲಿ ಉಳಿಯುವುದಿಲ್ಲ. ಅಧಿಕಾರಕ್ರಮವನ್ನು ಅತ್ಯಂತ ನಿಷ್ಠುರವಾಗಿ ಪಾಲಿಸುವ ನಮ್ಮ ಭೂಸೇನೆಯ ನಿಯಮಾವಳಿಯೇ, ಕೋರ್ಟ್ ಮಾರ್ಷಲ್‌ನಲ್ಲಿ ಸದಸ್ಯರ ಅಭಿಪ್ರಾಯವನ್ನು ದರ್ಜೆಯಲ್ಲಿ ಕಿರಿಯರಾದವರಿಂದ ಮೊದಲ್ಗೊಂಡು ಪಡೆಯಬೇಕೆಂದು ವಿಧಿಸಿರುವಾಗ, ಕಾಲೇಜಿನ ಸಭಾಂಗಣಕ್ಕೆ ಅದು ಅಗೌರವವೆನಿಸಬೇಕಾಗಿಲ್ಲ. ಗೋಷ್ಠಿಯು ದಾರಿ ತಪ್ಪಿದ ಲಕ್ಷಣವೂ ಸುಲಭವಾಗಿ ತಿಳಿಯುವಂತಹದೇ: “ಹಿಂದೆ ಮಾತಾಡಿದವರು ಹೇಳಿದಂತೆ” ಎಂಬ ಮಾತು ಎರಡು ಸಲ ಕೇಳಿಬಂದರೆ, ಪ್ರಶ್ನೆಗಳ ಕ್ರಮ ಕೆಟ್ಟಿದೆಯೆಂದೇ ಅರ್ಥ.

ಆದ್ದರಿಂದ ಮೊದಲು ರೈತರನ್ನು ಕೇಳಬೇಕು. ಆದರೆ “ನಿಮ್ಮ ಅಭಿಪ್ರಾಯವೇನು” ಎಂದಲ್ಲ, “ಕೆರೆ ತುಂಬಿದ ಮೇಲೆ ನಿಮ್ಮ ಬಾವಿಯ ನೀರಿನಲ್ಲಿ ಏನು ಬದಲಾಯಿತು, ಅದನ್ನು ಕುಡಿಯುತ್ತೀರಾ” ಎಂದು. ಎರಡನೆಯದು ಇಂಜಿನಿಯರಿಗೆ: ನೀರನ್ನು ಎಲ್ಲೆಲ್ಲಿ ಪರೀಕ್ಷಿಸುತ್ತೀರಿ, ಫಲಿತಾಂಶವನ್ನು ಊರಿನವರು ನೋಡಬಲ್ಲರೇ? ಮೂರನೆಯದು ಭೂವಿಜ್ಞಾನಿಗೆ: ಇಲ್ಲಿಯ ಗಟ್ಟಿ ಶಿಲೆಯ ಬಿರುಕುಗಳಲ್ಲಿ ಇಳಿಯುವ ನೀರು ಎಷ್ಟರಮಟ್ಟಿಗೆ ಸೋಸಿಕೊಳ್ಳುತ್ತದೆ? ಈ ಮೂರೂ ಉತ್ತರಗಳು ಎದುರಿಗಿರುವಾಗ ಮರಳಿ ಇಂಜಿನಿಯರತ್ತ ತಿರುಗಿ, ಮೂರನೆಯ ಹಂತವೇಕಿಲ್ಲವೆಂದು ಕೇಳಬೇಕು. ಅದರ ವೆಚ್ಚವನ್ನು ಯಾರು ಭರಿಸಬೇಕೆಂಬುದು ಪ್ರಾಧ್ಯಾಪಕರ ಪಾಲಿಗೆ. ತೀಕ್ಷ್ಣವಾದ ಪ್ರಶ್ನೆಯನ್ನು ಕಡೆಗೆ ಕಾದಿರಿಸಬೇಕೆಂಬ ಸಲಹೆ ಪ್ರಚುರವಾಗಿದೆಯಾದರೂ, ವಂದನಾರ್ಪಣೆಯವರು ಚೀಟಿ ಹಿಡಿದು ಎದ್ದುನಿಂತ ಹೊತ್ತಿನಲ್ಲಿ ಅದಕ್ಕೆ ಸಿಕ್ಕುವುದು “ಸರ್ಕಾರದ ಗಮನದಲ್ಲಿದೆ” ಎಂಬ ಉತ್ತರವೇ. ಮೊದಲೇ ಕೇಳಿದರೆ ಅಧಿಕಾರಿಗಳು ಕೊನೆಯತನಕ ಆತ್ಮರಕ್ಷಣೆಯಲ್ಲೇ ಇರುತ್ತಾರೆ. ಇಪ್ಪತ್ತೈದನೆಯ ನಿಮಿಷದ ಆಸುಪಾಸು ಅದಕ್ಕೆ ತಕ್ಕ ಸಮಯ.

ಪ್ರಶ್ನೆಗಳನ್ನು ಮುಂಚಿತವಾಗಿ ತಿಳಿಸಿದರೆ ಸಹಜತೆ ಕೆಡುವುದೆಂಬ ಭಯ ಅರ್ಧಸತ್ಯ. ಪ್ರತಿಯೊಬ್ಬರಿಗೂ ಅವರ ಮೊದಲ ಪ್ರಶ್ನೆಯನ್ನಷ್ಟೇ ತಿಳಿಸಬಹುದು; ಮರುಪ್ರಶ್ನೆಗಳು ಉತ್ತರದಿಂದಲೇ ಹುಟ್ಟಬೇಕು.

ಸಭಿಕರ ಸರದಿಯಲ್ಲಿ ಕೈ ಎತ್ತಿದವರಿಗೆ ಮೈಕು ಕೊಟ್ಟರೆ ಸಮಾನತೆ ತಾನಾಗಿ ಸಿದ್ಧಿಸುವುದೆಂದು ನಂಬುವವರುಂಟು. ಹತ್ತು ದೇಶಗಳ 35 ಸಂಸ್ಥೆಗಳ 247 ವಿಚಾರಗೋಷ್ಠಿಗಳನ್ನು ಗಮನಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮೊದಲ ಪ್ರಶ್ನೆಯನ್ನು ಪುರುಷರು ಕೇಳಿದ ಗೋಷ್ಠಿಗಳಲ್ಲಿ ಅನಂತರದ ಪ್ರಶ್ನೆಗಳಲ್ಲಿಯೂ ಸ್ತ್ರೀಯರ ಪಾಲು ಕಡಿಮೆಯಿದ್ದುದನ್ನು ಕಂಡಿತು. ನಮ್ಮಲ್ಲಿಯಾದರೋ ಮೊದಲ ಮೈಕು ಮುಂದಿನ ಸಾಲಿನ ಗಣ್ಯರಿಗೆ ಹೋಗುವುದು ಸಂಪ್ರದಾಯ, ಅವರು ಕೇಳುವುದು ಪ್ರಶ್ನೆಯಲ್ಲ, ಭಾಷಣ. ಮೈಕು ಹಿಡಿದು ಓಡಾಡುವ ವಿದ್ಯಾರ್ಥಿಗೆ, ಹಿಂದಿನ ಸಾಲುಗಳಲ್ಲಿ ಕೈ ಎತ್ತಿದ ವಿದ್ಯಾರ್ಥಿನಿಯೊಬ್ಬಳ ಬಳಿಗೇ ಮೊದಲು ಹೋಗಬೇಕೆಂದು ಗೋಷ್ಠಿಗೆ ಮುನ್ನವೇ ಹೇಳಿಟ್ಟಿರುವುದು ಮೇಲು.