ತಬಲಾ ನುಡಿಸಿದ್ದು ಯಾರು?

ಹಾಡು ಬಿಡುಗಡೆಯಾದ ಬೆಳಿಗ್ಗೆ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿಗೆ ಲಿಂಕ್ ಬಂದು ಬೀಳುತ್ತದೆ. ತಬಲಾ ನುಡಿಸಿದವರು ಎರಡು ಸಲ ಕೇಳಿ, ಖುಷಿಯಿಂದ ಹಾಡಿನ ಪಕ್ಕದ ಮೂರು ಚುಕ್ಕಿ ಒತ್ತಿ, ಹಾಡಿನ ಹಿಂದಿರುವವರ ಪಟ್ಟಿ ತೆರೆಯುತ್ತಾರೆ. ಗಾಯಕಿಯ ಹೆಸರಿದೆ. ಬರೆದವರ ಜಾಗದಲ್ಲೂ ಗಾಯಕಿಯ ಹೆಸರೇ ಇದೆ. Producer ಎಂಬಲ್ಲಿ ಹಾಡಿಗೆ ಹಣ ಹಾಕಿದವರು ಕೂತಿದ್ದಾರೆ. ಕವಿ ಇಲ್ಲ, ರಾಗ ಹಾಕಿದವರಿಲ್ಲ, ಕೊಳಲಿಲ್ಲ, ತಬಲಾ ಇಲ್ಲ.

ಯಾರೂ ಬೇಕೆಂದು ಕೈಬಿಟ್ಟದ್ದಲ್ಲ. ಮುನ್ನಾ ದಿನಗಳ ಗಡಿಬಿಡಿಯಲ್ಲಿ ಫಾರ್ಮ್ ತುಂಬಿದವರು ಕಡ್ಡಾಯದ ಖಾನೆಗಳನ್ನಷ್ಟೇ ತುಂಬಿ, ಬರೆದವರ ಖಾನೆಯಲ್ಲಿ ಏನು ಹಾಕಬೇಕೆಂದು ತೋಚದೆ ಗಾಯಕಿಯ ಹೆಸರನ್ನೇ ಮತ್ತೊಮ್ಮೆ ಹಾಕಿ ಕಳಿಸಿದ್ದರು.

ಕ್ಯಾಸೆಟ್ಟಿನ ಕಾಲದಲ್ಲಿ ಈ ಕೆಲಸ ಜಾಕೆಟ್ಟಿನದು. ಸಾಹಿತ್ಯ, ಸಂಗೀತ, ಗಾಯನ, ವಾದ್ಯ ಸಹಕಾರ ಎಂದು ಒಳಗಿನ ಮಡಿಕೆಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗುತ್ತಿತ್ತು. ಮೊಬೈಲಿಗೆ ಬಂದ ಹಾಡು ಆ ಕಾಗದವನ್ನು ಹಿಂದೆಯೇ ಬಿಟ್ಟು ಬಂತು. ಸ್ಪಾಟಿಫೈ ಹಾಡಿನ ಜೊತೆ ಹಾಡಿದವರು, ಬರೆದವರು, ಪ್ರೊಡ್ಯೂಸ್ ಮಾಡಿದವರ ಹೆಸರು ತೋರಿಸತೊಡಗಿದ್ದು 2018ರ ಫೆಬ್ರವರಿಯಲ್ಲಿ. ಆಗಲೇ ಅದು ಒಂದು ಮಾತನ್ನು ಸ್ಪಷ್ಟಪಡಿಸಿತ್ತು: ಈ ಹೆಸರುಗಳು ಕಂಪನಿಯದಲ್ಲ, ಆಡಿಯೊ ಲೇಬಲ್ ಮತ್ತು ವಿತರಕರು ಕಳಿಸಿದವು. ಅಂದರೆ ಆ್ಯಪ್ ಹಾಡನ್ನು ಕೇಳಿ ಕೊಳಲು ಯಾರದೆಂದು ಪತ್ತೆ ಹಚ್ಚುವುದಿಲ್ಲ. ಹಾಡಿನ ಫೈಲಿನ ಜೊತೆ ವಿತರಕರಿಗೆ ತುಂಬಿ ಕೊಡುವ ಫಾರ್ಮ್ ಇದೆಯಲ್ಲ, ಈಗ ಅದೇ ಜಾಕೆಟ್ಟು. ಅದರಲ್ಲಿ ಇಲ್ಲದ್ದು ಆ್ಯಪಿನಲ್ಲೂ ಇರುವುದಿಲ್ಲ.

ಸಾಮಾನ್ಯ ಭಾವಗೀತೆಯೊಂದನ್ನೇ ತೆಗೆದುಕೊಳ್ಳಬಹುದು. ಕವಿ ಬರೆದರು. ಒಬ್ಬರು ರಾಗ ಸಂಯೋಜಿಸಿದರು. ಕೀಬೋರ್ಡಿನವರು ವಾದ್ಯ ಸಂಯೋಜನೆ ಮಾಡಿ, ಸ್ಟುಡಿಯೊದಲ್ಲಿ ಕೂತು ಹಾಡಿಗೆ ಕೊನೆಯ ರೂಪ ಕೊಟ್ಟರು. ಗಾಯಕಿ ಹಾಡಿದರು. ಕೊಳಲು ಒಬ್ಬರದು, ತಬಲಾ ಇನ್ನೊಬ್ಬರದು. ಮಿಕ್ಸಿಂಗ್, ಮಾಸ್ಟರಿಂಗ್ ಎರಡನ್ನೂ ಒಬ್ಬರೇ ಎಂಜಿನಿಯರ್ ಮುಗಿಸಿದರು. ಒಟ್ಟು ಏಳು ಜನ. ಹಣ ಹಾಕಿದವರು ಎಂಟನೆಯವರು. ಫಾರ್ಮಿನಲ್ಲಿ ಇವರು ಕೂರಬೇಕಾದ ಜಾಗಗಳು ಹೀಗಿವೆ:

```
Primary Artist     : ಗಾಯಕಿ
Lyricist           : ಕವಿ
Composer           : ರಾಗ ಸಂಯೋಜಕರು
Arranger, Producer : ಕೀಬೋರ್ಡಿನವರು
Vocals             : ಗಾಯಕಿ
Flute              : ಕೊಳಲು ವಾದಕರು
Tabla              : ತಬಲಾ ವಾದಕರು
Mixing Engineer    : ಎಂಜಿನಿಯರ್
Mastering Engineer : ಎಂಜಿನಿಯರ್
```

ಎಲ್ಲ ವಿತರಕರ ಫಾರ್ಮಿನಲ್ಲಿ ಪದಗಳು ಇವೇ ಆಗಿರುವುದಿಲ್ಲ. ಆದರೆ ಎಡವುವ ಜಾಗಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ.

ಮೊದಲನೆಯದು Songwriter. ಪಾಶ್ಚಾತ್ಯ ಪಾಪ್ ಸಂಗೀತದಲ್ಲಿ ಗಿಟಾರ್ ಹಿಡಿದು ಸಾಲು ಬರೆದು ತಾನೇ ಧಾಟಿ ಕಟ್ಟುವವರು ಬಹಳ. ಹಾಗಾಗಿ ಅಲ್ಲಿ ಈ ಒಂದೇ ಪದ ಎರಡೂ ಕೆಲಸಕ್ಕೆ ಸಾಕಾಗುತ್ತದೆ. ನಮ್ಮಲ್ಲಿ ಸಾಹಿತ್ಯ ಬೇರೆ, ಸಂಗೀತ ಬೇರೆ. ಫಾರ್ಮಿನಲ್ಲಿ Songwriter ಎಂಬ ಒಂದೇ ಖಾನೆ ಕಂಡಾಗ ಕೆಲವರು ಕವಿಯ ಹೆಸರು ಹಾಕಿ ಸುಮ್ಮನಾಗುತ್ತಾರೆ, ಕೆಲವರು ಸಂಗೀತ ನಿರ್ದೇಶಕರದ್ದನ್ನು ಮಾತ್ರ. ಅಲ್ಲಿ ಎರಡು ಹೆಸರನ್ನೂ ಬೇರೆಬೇರೆಯಾಗಿ ಸೇರಿಸಿ, ಒಬ್ಬರಿಗೆ ಸಾಹಿತ್ಯ, ಇನ್ನೊಬ್ಬರಿಗೆ ಸಂಗೀತ ಎಂದು ಆಯ್ಕೆ ಮಾಡಬೇಕು. ಒಂದೇ ಖಾನೆಯಲ್ಲಿ ಎರಡು ಹೆಸರನ್ನು ಅಲ್ಪವಿರಾಮ ಹಾಕಿ ತುರುಕಿದರೆ, ಅಷ್ಟುದ್ದದ ಹೆಸರಿನ ಒಬ್ಬನೇ ಮನುಷ್ಯ ಎಂದು ಯಂತ್ರ ತಿಳಿಯುತ್ತದೆ.

ಎರಡನೆಯದು Producer. ಇಲ್ಲಿ ತಪ್ಪುವವರೇ ಹೆಚ್ಚು, ಅದಕ್ಕೆ ಕಾರಣವೂ ಇದೆ. ಕನ್ನಡ ಸಿನಿಮಾ ನೋಡಿ ಬೆಳೆದವರಿಗೆ ಪ್ರೊಡ್ಯೂಸರ್ ಎಂದರೆ ನಿರ್ಮಾಪಕರು, ದುಡ್ಡು ಹಾಕುವವರು. ಹಾಡಿನ ಫಾರ್ಮಿನಲ್ಲಿ ಆ ಪದದ ಅರ್ಥ ಬೇರೆ. ಯಾವ ವಾದ್ಯ ಎಲ್ಲಿ ಬರಬೇಕು, ಯಾವ ಟೇಕ್ ಉಳಿಸಬೇಕು, ಹಾಡು ಕೊನೆಗೆ ಹೇಗೆ ಕೇಳಿಸಬೇಕು ಎಂದು ಧ್ವನಿಮುದ್ರಣವನ್ನು ರೂಪಿಸಿದವರು ಅಲ್ಲಿ ಪ್ರೊಡ್ಯೂಸರ್. ನಮ್ಮ ಉದಾಹರಣೆಯಲ್ಲಿ ಅವರು ಕೀಬೋರ್ಡಿನವರು. ಹಣ ಹಾಕಿದವರಿಗೆ Executive Producer ಎಂಬ ಆಯ್ಕೆ ಇದ್ದರೆ ಅದು ಸರಿಯಾದ ಜಾಗ. ಧ್ವನಿಮುದ್ರಣದ ಹಕ್ಕು ಅವರದೇ ಆಗಿದ್ದರೆ, ವೃತ್ತದೊಳಗೆ P ಅಕ್ಷರವಿರುವ ℗ ಸಾಲಿನಲ್ಲಿ ಇಸವಿಯ ಮುಂದೆ ಅವರ ಹೆಸರು ಬರುತ್ತದೆ.

ಮೂರನೆಯದು ವಾದ್ಯದವರ ಪಾಲು. ತಬಲಾ ವಾದಕರನ್ನು ಗೌರವಿಸುವ ಉತ್ಸಾಹದಲ್ಲಿ ಅವರನ್ನು Primary Artist ಖಾನೆಗೆ ಏರಿಸುವುದುಂಟು. ಆ ಖಾನೆಯಲ್ಲಿ ಇರುವವರೆಲ್ಲ ಹಾಡಿನ ಮುಖ್ಯ ಕಲಾವಿದರು, ಹಾಡು ಅವರೆಲ್ಲರ ಪುಟದಲ್ಲೂ ಅವರದೇ ಬಿಡುಗಡೆಯಾಗಿ ಕಾಣಿಸಿಕೊಳ್ಳುತ್ತದೆ. ಇನ್ನು ಕೆಲವರು ಹಾಡಿನ ಶೀರ್ಷಿಕೆಗೇ ಎಲ್ಲರ ಹೆಸರು ಸೇರಿಸುತ್ತಾರೆ. ವಿತರಕರು ಅದನ್ನು ಸಾಮಾನ್ಯವಾಗಿ ತಿದ್ದಲು ವಾಪಸು ಕಳಿಸುತ್ತಾರೆ. ವಾದಕರಿಗಿರುವ ಜಾಗ Performer ವಿಭಾಗ: ಹೆಸರು, ಪಕ್ಕದಲ್ಲಿ ವಾದ್ಯ. ಗಾಯಕಿಯನ್ನೂ ಅಲ್ಲಿ Vocals ಎಂದು ಮತ್ತೆ ನಮೂದಿಸಬೇಕಾಗುತ್ತದೆ. ಮೇಲೆ ಒಮ್ಮೆ ಹಾಕಿದೆವಲ್ಲ ಎಂದು ಬಿಟ್ಟರೆ, ಆಕೆ ಹಾಡಿದ್ದಾಳೆ ಎಂಬ ಮಾಹಿತಿಯೇ ಇಲ್ಲದಂತಾಗಬಹುದು.

ಕವಿ ಇಂದಿನವರಲ್ಲದಿದ್ದರೆ? ಶಿಶುನಾಳ ಶರೀಫರ ತತ್ವಪದಕ್ಕೆ ಹೊಸ ರಾಗ ಹಾಕಿದ ತಂಡಗಳು ಎಷ್ಟೋ. ಶರೀಫರು ತೀರಿಕೊಂಡದ್ದು 1889ರಲ್ಲಿ, ಅವರ ಪದಗಳ ಮೇಲೆ ಈಗ ಯಾರ ಹಕ್ಕೂ ಇಲ್ಲ. ಹಾಗೆಂದು Lyricist ಖಾನೆಯಲ್ಲಿ ಗಾಯಕರು ತಮ್ಮ ಹೆಸರು ಹಾಕಿಕೊಳ್ಳುವಂತಿಲ್ಲ. ಅಲ್ಲಿ ಶರೀಫರ ಹೆಸರು, Composer ಖಾನೆಯಲ್ಲಿ ಹೊಸ ರಾಗ ಹಾಕಿದವರ ಹೆಸರು. Traditional ಎಂಬ ಆಯ್ಕೆ ಇರುವುದು ಕಟ್ಟಿದವರು ಯಾರೆಂದೇ ತಿಳಿಯದ ಜನಪದ ಗೀತೆಗಳಿಗೆ.

ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆಯಾದರೆ ಹೆಸರು ಹಾಕಿದ ಮಾತ್ರಕ್ಕೆ ಮುಗಿಯುವುದಿಲ್ಲ. ನಮ್ಮ ಕಾಯ್ದೆಯಲ್ಲಿ ಕವಿ ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಅವರು ನಿಧನರಾದದ್ದು 2003ರಲ್ಲಿ, ಹಾಗಾಗಿ 2063ರ ಕೊನೆಯವರೆಗೂ ಹಕ್ಕುದಾರರ ಅನುಮತಿ ಬೇಕು.

ಜಾಗ ಸರಿಯಾಯಿತು, ಇನ್ನು ಉಳಿದದ್ದು ಕಾಗುಣಿತ. ಸಿ. ಅಶ್ವತ್ಥ್ ಎಂಬ ಹೆಸರನ್ನೇ ನೋಡಿ. ಇಂಗ್ಲಿಷಿನಲ್ಲಿ C. Ashwath ಎಂದೂ ಬರೆಯುತ್ತಾರೆ, C. Aswath ಎಂದೂ ಬರೆಯುತ್ತಾರೆ. ಓದುವ ನಮಗೆ ಇಬ್ಬರೂ ಒಬ್ಬರೇ, ಯಂತ್ರಕ್ಕೆ ಇಬ್ಬರು. ಕನ್ನಡದ ಹೆಸರುಗಳಲ್ಲಿ ಇನಿಷಿಯಲ್ ಮುಂದೆ ಬರುವುದೂ ಉಂಟು, ಹಿಂದೆ ಬರುವುದೂ ಉಂಟು, ನಡುವೆ ಚುಕ್ಕಿ ಇದ್ದೂ ಇಲ್ಲದೆಯೂ ಇರುತ್ತದೆ. ಒಂದು ಹಾಡಿಗೆ ಕನ್ನಡ ಲಿಪಿ, ಇನ್ನೊಂದಕ್ಕೆ ಇಂಗ್ಲಿಷ್ ಲಿಪಿ ಬಳಸಿದರೆ ಒಬ್ಬರೇ ವಾದಕರ ಹತ್ತು ಹಾಡು ನಾಲ್ಕು ಹೆಸರಿಗೆ ಹಂಚಿಹೋಗುತ್ತವೆ. ಪ್ರತಿಯೊಬ್ಬರೂ ತಮ್ಮ ಹೆಸರಿನ ಒಂದು ರೂಪ ಆರಿಸಿಕೊಂಡು ಎಲ್ಲ ಕಡೆ ಅದನ್ನೇ ಕೊಡಬೇಕು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಲಾವಿದರ ಖಾನೆಗೆ ವೇದಿಕೆಯ ಹೆಸರು ನಡೆಯುತ್ತದೆ, ಬರೆದವರ ಖಾನೆಗೆ ಹಲವು ವಿತರಕರು ದಾಖಲೆಯಲ್ಲಿರುವ ಪೂರ್ಣ ಹೆಸರನ್ನೇ ಕೇಳುತ್ತಾರೆ. ಕಾವ್ಯನಾಮದಲ್ಲೇ ಗುರುತಿಸಿಕೊಂಡ ಕವಿಗಳು ಈ ಮಾತನ್ನು ಮೊದಲೇ ತಿಳಿದಿದ್ದರೆ ಒಳ್ಳೆಯದು.

ಗಾಯಕಿಯ ಹೆಸರಿನವರೇ ಇನ್ನೊಬ್ಬರಿದ್ದರಂತೂ ತೊಂದರೆ ತಪ್ಪಿದ್ದಲ್ಲ. ಅಪ್‌ಲೋಡ್ ಮಾಡುವಾಗ ಬರೀ ಹೆಸರು ಬರೆದು ಬಿಟ್ಟರೆ ಹಾಡು ಯಾರದೋ ಪುಟಕ್ಕೆ ಸೇರಿಬಿಡುತ್ತದೆ. ಆಕೆಯ ಹಳೆಯ ಹಾಡು ಆ್ಯಪಿನಲ್ಲಿ ಇದ್ದರೆ ಆ ಪುಟದ ಲಿಂಕನ್ನೇ ಫಾರ್ಮಿಗೆ ಕೊಡಬೇಕು. ಹೊಸಬರಾದರೆ ‘ಹೊಸ ಕಲಾವಿದೆ’ ಎಂಬ ಆಯ್ಕೆಯನ್ನು ಒತ್ತಬೇಕು.

ಬಿಡುಗಡೆಯಾದ ಮೇಲೆ ಪರೀಕ್ಷೆಗೆ ಹತ್ತು ನಿಮಿಷ ಸಾಕು. ಸ್ಪಾಟಿಫೈ, ಆ್ಯಪಲ್ ಮ್ಯೂಸಿಕ್, ಯೂಟ್ಯೂಬ್ ಮ್ಯೂಸಿಕ್ ಮೂರರಲ್ಲೂ ಹಾಡಿನ ಮೆನು ತೆರೆದು credits ನೋಡಬೇಕು. ಯೂಟ್ಯೂಬಿನಲ್ಲಿ ವಿತರಕರ ಮೂಲಕ ಹೋದ ಹಾಡಿಗೆ ‘Provided to YouTube by’ ಎಂದು ಶುರುವಾಗುವ ವಿವರಣೆ ತಾನಾಗಿಯೇ ಸೇರಿಕೊಂಡಿರುತ್ತದೆ, ಅದರ ಕೆಳಗೆ Composer, Lyricist ಎಂದು ಹೆಸರುಗಳು ಸಾಲಾಗಿ ಬರುತ್ತವೆ.

ಮೂರನ್ನೂ ಹೋಲಿಸಿದರೆ ತಪ್ಪು ಎಲ್ಲಿ ನಡೆದಿದೆ ಎಂಬ ಸುಳಿವು ಸಿಗುತ್ತದೆ. ತಬಲಾ ವಾದಕರ ಹೆಸರು ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ಫಾರ್ಮ್ ಸರಿ ಇದೆ, ಆದರೆ ಆ ವಿವರವನ್ನು ವಿತರಕರು ಅಲ್ಲಿಗೆ ಕಳಿಸುತ್ತಿಲ್ಲ ಅಥವಾ ಆ ಆ್ಯಪ್ ತೋರಿಸುತ್ತಿಲ್ಲ. ಮೂರರಲ್ಲೂ ಇಲ್ಲವೆಂದರೆ ಮೊದಲು ಫಾರ್ಮನ್ನೇ ತೆರೆದು ನೋಡಬೇಕು. ಅಲ್ಲೂ ಸರಿಯಿದ್ದರೆ ವಿತರಕರನ್ನು ಕೇಳಬೇಕು. ಕೆಲವು ವಿತರಕರ ಫಾರ್ಮಿನಲ್ಲಿ ವಾದ್ಯದವರಿಗೆ ಖಾನೆಯೇ ಇರುವುದಿಲ್ಲ. ಹಣ ಕಟ್ಟುವ ಮೊದಲೇ ಅದನ್ನು ನೋಡಿಕೊಂಡವರು ಜಾಣರು.

ತಿದ್ದುಪಡಿಗೆ ಆ್ಯಪಿನವರಿಗೆ ಬರೆದು ಪ್ರಯೋಜನ ಕಡಿಮೆ, ಅವರು ವಿತರಕರ ಕಡೆಗೇ ಬೊಟ್ಟು ಮಾಡುತ್ತಾರೆ. ವಿತರಕರಿಗೆ ಬರೆಯುವಾಗ ಹಾಡಿನ ಹೆಸರಿನ ಜೊತೆ ISRC ಸಂಖ್ಯೆ ಕೊಡಬೇಕು. ಅದು ಆ ಧ್ವನಿಮುದ್ರಣಕ್ಕಷ್ಟೇ ಸೇರಿದ 12 ಅಕ್ಷರ-ಅಂಕಿಗಳ ಗುರುತು. ಈಗಿರುವ ಸಾಲು ಯಾವುದು, ಆಗಬೇಕಾದ ಸಾಲು ಯಾವುದು ಎಂದು ಎರಡನ್ನೂ ಬರೆದರೆ ಗೊಂದಲವಿಲ್ಲ. ಹೆಸರು ತಿದ್ದಲು ಹಾಡನ್ನು ಅಳಿಸಬೇಕಾಗಿಲ್ಲ. ಮತ್ತೆ ಅಪ್‌ಲೋಡ್ ಮಾಡಲೇಬೇಕಾಗಿ ಬಂದರೆ ಅದೇ ಆಡಿಯೊಗೆ ಅದೇ ISRC ಹಾಕಬೇಕು. ಹೊಸ ಸಂಖ್ಯೆ ಬಿದ್ದರೆ ಆ್ಯಪಿಗೆ ಅದು ಬೇರೆಯೇ ಹಾಡು, ಇಷ್ಟು ದಿನ ಕೇಳಿದವರ ಲೆಕ್ಕ ಹೋದಂತೆ.

ಆ್ಯಪಿನಲ್ಲಿ ಹೆಸರು ಬಂದರೆ ಸಾಹಿತ್ಯ, ಸಂಗೀತದ ರಾಯಧನವೂ ಬಂತು ಎಂದು ತಿಳಿದವರಿದ್ದಾರೆ. ಅದು ಬೇರೆ ದಾರಿ. ಕವಿ ಮತ್ತು ರಾಗ ಸಂಯೋಜಕರು ಐಪಿಆರ್‌ಎಸ್ ಸಂಸ್ಥೆಯ ಸದಸ್ಯರಾಗಿ, ಹಾಡನ್ನು ತಮ್ಮತಮ್ಮ ಪಾಲಿನೊಂದಿಗೆ ಅಲ್ಲಿಯೂ ದಾಖಲಿಸಬೇಕು. ಅಲ್ಲಿ ಕೊಟ್ಟ ಹೆಸರು, ವಿತರಕರಿಗೆ ಕೊಟ್ಟ ಹೆಸರು ಎರಡೂ ಒಂದೇ ಆಗಿದ್ದರೆ ತಾಳೆ ಹಾಕುವುದು ಸುಲಭ.

ಇಷ್ಟಕ್ಕೆಲ್ಲ ಬೇಕಾಗುವುದು ರೆಕಾರ್ಡಿಂಗ್ ದಿನ ಸ್ಟುಡಿಯೊದಲ್ಲಿ ಒಂದು ಹಾಳೆ. ಪ್ರತಿಯೊಬ್ಬರೂ ಅದರಲ್ಲಿ ದಾಖಲೆಯ ಹೆಸರು, ಆ್ಯಪಿನಲ್ಲಿ ಕಾಣಬೇಕಾದ ಹೆಸರು, ಇಂಗ್ಲಿಷ್ ಕಾಗುಣಿತ, ಮಾಡಿದ ಕೆಲಸ ಅಥವಾ ವಾದ್ಯ ಬರೆದು ಸಹಿ ಹಾಕಲಿ. ಫಾರ್ಮ್ ತುಂಬಿದ ಮೇಲೆ, ಕಳಿಸುವ ಗುಂಡಿ ಒತ್ತುವ ಮೊದಲು, ಆ ಪುಟದ ಸ್ಕ್ರೀನ್‌ಶಾಟನ್ನು ಅದೇ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ. ತಬಲಾದವರು ತಮ್ಮ ಸಾಲು ಓದಿ ‘ಸರಿಯಿದೆ’ ಎಂದ ಮೇಲೆ ಹಾಡು ಹೊರಡಲಿ.