ಸಾರಾಂಶದಲ್ಲಿ ಸಂಖ್ಯೆ ಕೆಡದಿರಲಿ

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆದದ್ದು 2019ರಿಂದ 2021ರವರೆಗೆ. ಅದರ ಪಿಡಿಎಫ್ ವರದಿ ನೂರಾರು ಪುಟಗಳದ್ದು. ಅಷ್ಟನ್ನೂ ಓದಲು ಪುರಸೊತ್ತಿಲ್ಲದ ಪಂಚಾಯಿತಿ ಸದಸ್ಯರಿಗೋ ಶಿಕ್ಷಕರಿಗೋ ಒಂದು ಪುಟದ ಸಾರಾಂಶ ಬರೆದುಕೊಡಬೇಕು ಎಂದುಕೊಳ್ಳಿ. ಮಕ್ಕಳ ರಕ್ತಹೀನತೆಯ ಒಂದೇ ಸಾಲನ್ನು ತೆಗೆದುಕೊಂಡರೂ ತಪ್ಪು ಎಲ್ಲಿ ನುಸುಳುತ್ತದೆ ಎಂಬುದು ತಿಳಿಯುತ್ತದೆ.

ಇಡೀ ದೇಶದ ಅಂಕಿ ಅಂಶ ಪಟ್ಟಿಯಲ್ಲಿ ಆ ಸಾಲಿನ ಮುಂದೆ ನಾಲ್ಕು ಸಂಖ್ಯೆಗಳಿವೆ: 64.2, 68.3, 67.1, 58.6. ಮೊದಲನೆಯದು ನಗರ, ಎರಡನೆಯದು ಗ್ರಾಮೀಣ, ಮೂರನೆಯದು ಒಟ್ಟು. ಕೊನೆಯದು 2015–16ರ ಹಿಂದಿನ ಸಮೀಕ್ಷೆಯ ಒಟ್ಟು. ಪಿಡಿಎಫ್‌ನಿಂದ ನಕಲು ಮಾಡಿದಾಗ ಕಾಲಂಗಳ ತಲೆಬರಹ ಕಳಚಿ ಬರೀ ಸಂಖ್ಯೆಗಳು ಉಳಿಯುವುದುಂಟು. ಆಗ 68.3 ಅನ್ನು ದೇಶದ ಸರಾಸರಿ ಎಂದು ಬರೆದುಬಿಡುವುದು ಸುಲಭ. ಆದ್ದರಿಂದ ಸಂಖ್ಯೆಯನ್ನು ಬರೆದುಕೊಳ್ಳುವಾಗಲೇ ಅದು ಯಾರದ್ದು, ಯಾವ ವರ್ಷದ್ದು, ಯಾವ ಪುಟದ್ದು ಎಂದು ಪಕ್ಕದಲ್ಲೇ ಗುರುತಿಸಬೇಕು. ಇಲ್ಲಿ ‘ಮಕ್ಕಳು’ ಎಂದರೆ 6ರಿಂದ 59 ತಿಂಗಳ ಮಕ್ಕಳು ಮಾತ್ರ. ವಯಸ್ಸನ್ನು ಬಿಟ್ಟರೆ ಶಾಲೆಗೆ ಹೋಗುವ ಮಕ್ಕಳೂ ಸೇರಿದ್ದಾರೆಂದು ಓದುಗರು ತಿಳಿಯುತ್ತಾರೆ.

ಇನ್ನು ಹೆಚ್ಚಳದ ಲೆಕ್ಕ. 58.6 ಹೋಗಿ 67.1 ಆಗಿದೆ, ವ್ಯತ್ಯಾಸ 8.5. ಇದನ್ನು ‘ಶೇ 8.5ರಷ್ಟು ಏರಿಕೆ’ ಎಂದರೆ ತಪ್ಪು. ಇದು 8.5 ಶೇಕಡಾವಾರು ಅಂಶಗಳ ಏರಿಕೆ. ಹಳೆಯ ಪ್ರಮಾಣಕ್ಕೆ ಹೋಲಿಸಿದರೆ ಏರಿಕೆ ಸುಮಾರು ಶೇ 14.5. ಗೊಂದಲವೇ ಬೇಡ ಎನ್ನುವವರು ‘ಶೇ 58.6ರಿಂದ ಶೇ 67.1ಕ್ಕೆ ಏರಿದೆ’ ಎಂದು ಎರಡೂ ಸಂಖ್ಯೆಗಳನ್ನು ಕೊಟ್ಟುಬಿಟ್ಟರೆ ಸಾಕು.

ಸಂಖ್ಯೆ ಸರಿಯಿದ್ದೂ ಅರ್ಥ ತಪ್ಪುವುದಕ್ಕೆ ಇದೇ ವರದಿಯಲ್ಲಿ ಉದಾಹರಣೆಯಿದೆ. 1000 ಪುರುಷರಿಗೆ 1020 ಮಹಿಳೆಯರು ಎಂಬ ಅಂಕಿ ದೊಡ್ಡ ಸುದ್ದಿಯಾಯಿತು. ಹಿಂದಿನ ರಾತ್ರಿ ಮನೆಯಲ್ಲಿ ತಂಗಿದ್ದವರನ್ನು ಎಣಿಸಿ ಬಂದ ಲೆಕ್ಕ ಅದು. ದುಡಿಮೆಗೆಂದು ಊರು ಬಿಟ್ಟ ಗಂಡಸರು ಅವರ ಮನೆಯ ಎಣಿಕೆಯಲ್ಲಿ ಬರುವುದಿಲ್ಲ. ಸಮೀಕ್ಷೆಗೆ ಹಿಂದಿನ ಐದು ವರ್ಷಗಳಲ್ಲಿ ಹುಟ್ಟಿದ ಮಕ್ಕಳನ್ನು ನೋಡಿದರೆ 1000 ಗಂಡು ಮಕ್ಕಳಿಗೆ ಹೆಣ್ಣು ಮಕ್ಕಳು 929 ಮಾತ್ರ. ಮೊದಲನೆಯದನ್ನಷ್ಟೇ ಬರೆದು ಎರಡನೆಯದನ್ನು ಬಿಟ್ಟ ಸಾರಾಂಶ, ಹೆಣ್ಣು ಮಕ್ಕಳ ಕೊರತೆ ನೀಗಿತೆಂಬ ಭಾವನೆ ಹುಟ್ಟಿಸುತ್ತದೆ.

ಪಟ್ಟಿಯ ಅಡಿಟಿಪ್ಪಣಿಯನ್ನೂ ಬಿಡಬಾರದು. ಆವರಣದೊಳಗಿನ ಸಂಖ್ಯೆ 25ರಿಂದ 49 ಪ್ರಕರಣಗಳನ್ನಷ್ಟೇ ಆಧರಿಸಿದ್ದು. ನಕ್ಷತ್ರ ಚಿಹ್ನೆ ಇದ್ದಲ್ಲಿ 25ಕ್ಕಿಂತ ಕಡಿಮೆ ಪ್ರಕರಣಗಳಿರುವುದರಿಂದ ಸಂಖ್ಯೆಯನ್ನೇ ಕೊಟ್ಟಿಲ್ಲ. ಆವರಣ ತೆಗೆದು ಬರೆದರೆ ದುರ್ಬಲ ಅಂದಾಜು ಗಟ್ಟಿ ಸತ್ಯದಂತೆ ಕಾಣುತ್ತದೆ.

ಬರೆದು ಮುಗಿಸಿದ ಮೇಲೆ ಸಾರಾಂಶದ ಒಂದೊಂದು ಸಂಖ್ಯೆಯನ್ನೂ ಮೂಲ ಪುಟ ತೆರೆದು ಹೋಲಿಸಿ. ಮೂಲದಲ್ಲಿ ಸಿಗದ ಸಂಖ್ಯೆಯನ್ನು ಹೊಡೆದುಹಾಕಿ; ನೀವೇ ಲೆಕ್ಕ ಹಾಕಿದ್ದಾದರೆ ಹಾಗೆಂದು ಬರೆಯಿರಿ.