ವರದಿಯನ್ನು ದಾಟಿದ ಬರಹ

ಬಿ.ಎಡ್. ಇಂಟರ್ನ್‌ಶಿಪ್‌ನ ಅನುಭವ ಬರಹಗಳಲ್ಲಿ ಇಂಥ ಸಾಲುಗಳು ಮತ್ತೆ ಮತ್ತೆ ಸಿಗುತ್ತವೆ: ‘ಭಿನ್ನರಾಶಿ ಪಾಠ ಮಾಡಿದೆ. ಕೆಲವರಿಗೆ ಅರ್ಥವಾಗಲಿಲ್ಲ. ಮುಂದೆ ಹೆಚ್ಚು ಚಟುವಟಿಕೆ ಮಾಡಿಸುವೆ.’ ಯಾವ ಪಾಠಕ್ಕೂ ಹೊಂದುವ ಈ ಮಾತು ಬರೀ ವರದಿ. ತಿದ್ದುವಾಗ ಮೊದಲು ‘ಕೆಲವರು’ ಎಂಬುದನ್ನು ತೆಗೆದು, ಒಂದು ಮಗು ನಿಜವಾಗಿ ಹೇಳಿದ್ದನ್ನು ಬರೆಯಬೇಕು: ‘1/3ಕ್ಕಿಂತ 1/4 ದೊಡ್ಡದು, 3ಕ್ಕಿಂತ 4 ದೊಡ್ಡದಲ್ವಾ ಟೀಚರ್?’

ಮಗು ಪೂರ್ಣಸಂಖ್ಯೆಯ ನಿಯಮವನ್ನು ಇಲ್ಲಿಗೂ ತಂದಿದೆ. ಅದಕ್ಕೆ ನನ್ನ ಪಾಠದಲ್ಲಿ ಎಲ್ಲಿ ಎಡೆಯಾಯಿತು? ಅಂಶ, ಛೇದಗಳನ್ನು ಎರಡು ಬಿಡಿ ಸಂಖ್ಯೆಗಳಂತೆ ಓದಿಸಿದ್ದರಲ್ಲಿ. ಬರಹದ ಜೀವ ಇರುವುದು ಈ ಹುಡುಕಾಟದಲ್ಲೇ. ಆಗ ಕೊನೆಯ ಸಾಲೂ ಬದಲಾಗುತ್ತದೆ: ‘ಒಂದೇ ಉದ್ದದ ಎರಡು ಕಾಗದಪಟ್ಟಿಗಳನ್ನು 3 ಮತ್ತು 4 ಸಮಭಾಗ ಮಡಿಸಿ ಹೋಲಿಸಲು ಹೇಳುವೆ, ಆಮೇಲೆ ಪಟ್ಟಿಯಿಲ್ಲದೆ 1/5, 1/6 ಕೇಳಿ, ಕಾರಣವನ್ನೂ ಕೇಳುವೆ.’